ಮಕ್ಕಳ ಮೊಬೈಲ್‌ನಲ್ಲಿ gg, nerf, smurf: ಯಾವ ಮಾತಿಗೆ ನಗಬಹುದು, ಯಾವ ಮಾತಿಗೆ ಕೂತು ಮಾತಾಡಬೇಕು?

ಸಂಜೆ ಆಯ್ತು ಅಂದ್ರೆ ಬಸ್ ಸ್ಟ್ಯಾಂಡ್ ಪಕ್ಕದ ಕಟ್ಟೆಯಿಂದ ಹಿಡಿದು ಮನೆಯ ಸೋಫಾದವರೆಗೆ ಎಲ್ಲೆಲ್ಲೂ ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿರುತ್ತಾರೆ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್ ತರಹದ ಆಟಗಳಲ್ಲಿ ಗುಂಡು ಹಾರಿಸುವುದರ ಜೊತೆಗೆ ಮಾತುಕತೆಯೂ ನಡೆಯುತ್ತದೆ. ಒಂದೇ ತಂಡದ ನಾಲ್ಕು ಜನ ಪರಸ್ಪರ ಮೆಸೇಜ್ ಹಾಕಿಕೊಳ್ಳುತ್ತಾರೆ. ತಂದೆ ತಾಯಿ ಅಪ್ಪಿತಪ್ಪಿ ಅದನ್ನು ನೋಡಿದರೆ ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಏನೋ ಗುಪ್ತ ಭಾಷೆ ಅನ್ನಿಸುತ್ತದೆ. ಕೆಲವರು ಇದು ಜೂಜಿನ ಕೋಡ್ ಇರಬೇಕು ಅಂತ ಗಾಬರಿ ಬೀಳುತ್ತಾರೆ. ಇನ್ನು ಕೆಲವರು ಮಕ್ಕಳಾಟ ಅಂತ ಬಿಟ್ಟುಬಿಡುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಒಂದು ಪಂದ್ಯ ಮುಗಿದ ಮೇಲೆ ಸಾಮಾನ್ಯವಾಗಿ ಕಾಣುವ ಚಾಟ್ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಮಾದರಿ ಇಲ್ಲಿದೆ.

```
Player1: sattevu, avnu smurf guru
Player2: ee gun nerf aagide, damage ne illa
Player3: gg
Player1: gg wp ella
Player4: nangu ondu id beku, price eshtu?
```

ಐದು ಸಾಲು ಇದೆ. ಮೊದಲ ನಾಲ್ಕು ಸಾಲಿಗೆ ಪೋಷಕರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಐದನೆಯ ಸಾಲಿನಲ್ಲಿ ವಿಚಿತ್ರ ಪದ ಒಂದೂ ಇಲ್ಲ, ಆದರೆ ಮನೆಯ ದುಡ್ಡು ಕೈಬಿಡುವುದು ಅಲ್ಲಿಂದಲೇ. ಅದು ಯಾಕೆ ಅಂತ ತಿಳಿಯಬೇಕಾದರೆ ಮೊದಲ ನಾಲ್ಕು ಸಾಲು ಅರ್ಥ ಆಗಬೇಕು.

ಜಿಜಿ: ಪಂದ್ಯ ಮುಗಿದ ಮೇಲಿನ ಕೈಕುಲುಕು

ತೀರಾ ಸುಲಭದ್ದರಿಂದ ಶುರು ಮಾಡೋಣ. gg ಅಂದರೆ ಗುಡ್ ಗೇಮ್, ಒಳ್ಳೆ ಆಟ ಆಯ್ತು ಅಂತ. ಅದರ ಪಕ್ಕ wp ಇದ್ದರೆ ವೆಲ್ ಪ್ಲೇಯ್ಡ್, ಚೆನ್ನಾಗಿ ಆಡಿದಿರಿ ಅಂತ. ಕಬಡ್ಡಿ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಕೈಕುಲುಕುತ್ತಾರಲ್ಲ, ಇದು ಅದೇ. ಮುಖ ಕಾಣದ ಆಟದಲ್ಲಿ ಕೈ ಕೊಡಲು ಆಗುವುದಿಲ್ಲ, ಅದಕ್ಕೆ ಎರಡು ಅಕ್ಷರ ಒತ್ತುತ್ತಾರೆ.

1998ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ ಅನ್ನುವ ಆಟವನ್ನು ದಕ್ಷಿಣ ಕೊರಿಯಾದಲ್ಲಿ ಟಿವಿಯಲ್ಲಿ ನೇರ ಪ್ರಸಾರ ಮಾಡುತ್ತಿದ್ದರು. ಅಲ್ಲಿ ಸೋಲು ಖಚಿತ ಆದವನು ಜಿಜಿ ಅಂತ ಟೈಪ್ ಮಾಡಿ ಆಟ ಬಿಟ್ಟುಕೊಡುವುದು ರೂಢಿಯಾಯ್ತು. ಅಂದರೆ 'ನಾನು ಸೋತೆ, ನೀನು ಗೆದ್ದೆ' ಅಂತ ಮರ್ಯಾದೆಯಿಂದ ಒಪ್ಪಿಕೊಳ್ಳುವುದು. ಏನೂ ಹೇಳದೆ ಎದ್ದು ಹೋದರೆ ಅದು ಒರಟುತನ.

ಆದರೆ ಇದೇ ಪದವನ್ನು ಚುಚ್ಚಲು ಕೂಡ ಬಳಸುತ್ತಾರೆ. gg ez ಅಂತ ಬಂದರೆ 'ಇಷ್ಟು ಸುಲಭವಾಗಿ ಸೋತೆಯಾ' ಅಂತ ಹಂಗಿಸಿದ ಹಾಗೆ. ez ಅಂದರೆ ಈಸಿ. ಪಂದ್ಯ ಇನ್ನೂ ಅರ್ಧದಲ್ಲಿ ಇರುವಾಗಲೇ ಜಿಜಿ ಅಂದರೆ 'ಮುಗೀತು ನಮ್ಮ ಕಥೆ' ಅಂತ ತನ್ನ ತಂಡದವನನ್ನೇ ಬೈದ ಹಾಗೆ. ಓವರ್‌ವಾಚ್ ಅನ್ನುವ ಆಟದವರಿಗೆ ಈ ಹಂಗಿಸುವ ಚಟ ಎಷ್ಟು ತಲೆನೋವಾಯ್ತು ಅಂದರೆ, ಯಾರಾದರೂ gg ez ಅಂತ ಟೈಪ್ ಮಾಡಿದರೆ ಅದರ ಬದಲು ತಮಾಷೆಯ ಸಾಲು ತಾನಾಗಿ ಬೀಳುವ ಹಾಗೆ 2016ರಲ್ಲಿ ವ್ಯವಸ್ಥೆ ಮಾಡಿದರು. ಹಂಗಿಸಲು ಹೋದವನ ಹೆಸರಲ್ಲಿ 'ನನಗೆ ಮಲಗುವ ಹೊತ್ತಾಯ್ತು, ಅಮ್ಮನಿಗೆ ಹೇಳಬೇಡಿ' ಅನ್ನುವ ಅರ್ಥದ ಮಾತು ಎಲ್ಲರಿಗೂ ಕಾಣುತ್ತಿತ್ತು.

ಹಾಗಾಗಿ ಮಾದರಿ ಚಾಟ್‌ನಲ್ಲಿ ಸೋತ ಮೇಲೂ 'gg wp ella' ಅಂದ ಹುಡುಗ ಒಳ್ಳೆ ನಡತೆಯವನು. ಮೈದಾನದಲ್ಲಿ ಅವನು ಸೋತು ಬಂದು ಎದುರಾಳಿ ಬೆನ್ನು ತಟ್ಟಿದ್ದರೆ ಹೇಗೆ ಖುಷಿಪಡುತ್ತಿದ್ದಿರೋ, ಇಲ್ಲಿಯೂ ಅಷ್ಟೇ ಖುಷಿಪಡಬಹುದು.

ನರ್ಫ್: ಮೇಲಿನವರು ಕಟ್ಟಿದ ಕಡಿವಾಣ

ನರ್ಫ್ ಅನ್ನುವುದು ಅಮೆರಿಕದ ಒಂದು ಆಟಿಕೆ ಬ್ರ್ಯಾಂಡ್. ಮನೆಯೊಳಗೆ ಎಸೆದರೂ ಗಾಜು ಒಡೆಯದ ಸ್ಪಂಜಿನ ಚೆಂಡಿನಿಂದ 1970ರ ಹೊತ್ತಿಗೆ ಹೆಸರಾಯ್ತು. ಆಮೇಲೆ ಸ್ಪಂಜಿನ ಗುಂಡು ಹಾರಿಸುವ ಬಂದೂಕುಗಳೂ ಬಂದವು. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಆಟದಲ್ಲಿ ಕತ್ತಿಗಳ ಬಲ ಕಡಿಮೆ ಮಾಡಿದಾಗ, ಕತ್ತಿ ಬದಲು ನರ್ಫ್ ಬ್ಯಾಟಿನಲ್ಲಿ ಹೊಡೆದ ಹಾಗಿದೆ ಅಂತ ಆಟಗಾರರು ಗೊಣಗಿದರು ಎಂದು ಹೇಳುತ್ತಾರೆ. ಅಲ್ಲಿಂದ ಆಟ ತಯಾರಿಸಿದವರು ಯಾವುದಾದರೂ ಆಯುಧದ ಬಲ ಇಳಿಸಿದರೆ ಅದನ್ನು ನರ್ಫ್ ಮಾಡಿದರು ಅನ್ನುವುದು ಚಾಲ್ತಿಗೆ ಬಂತು. ಬಲ ಹೆಚ್ಚಿಸಿದರೆ ಅದಕ್ಕೆ ಬಫ್ ಅನ್ನುತ್ತಾರೆ.

ಇದು ಕ್ರಿಕೆಟ್ ನೋಡುವವರಿಗೆ ಹೊಸದೇನಲ್ಲ. ಬ್ಯಾಟುಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಾ ಹೋಗಿ, ಸರಿಯಾಗಿ ತಾಗದ ಚೆಂಡೂ ಸಿಕ್ಸರ್ ಹೋಗಲು ಶುರುವಾದಾಗ 2017ರಲ್ಲಿ ನಿಯಮ ಬದಲಾಯ್ತು. ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದು, ದಪ್ಪ 67 ಮಿಲಿಮೀಟರ್ ಮೀರಬಾರದು ಅಂತ ಮಿತಿ ಹಾಕಿದರು. ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಬ್ಯಾಟನ್ನು ನರ್ಫ್ ಮಾಡಿದರು. ಮೊಬೈಲ್ ಮತ್ತು ಕಂಪ್ಯೂಟರ್ ಆಟದಲ್ಲೂ ಕಾರಣ ಅದೇ. ಒಂದೇ ಬಂದೂಕು ಎಲ್ಲರ ಕೈಯಲ್ಲೂ ಕಂಡರೆ ಆಟಕ್ಕೆ ರುಚಿ ಇರುವುದಿಲ್ಲ. ಕೌಂಟರ್ ಸ್ಟ್ರೈಕ್ ಆಟದಲ್ಲಿ ದೂರದಿಂದ ಒಂದೇ ಗುಂಡಿಗೆ ಕೆಡವುವ ಎಡಬ್ಲ್ಯೂಪಿ ಅನ್ನುವ ಬಂದೂಕಿಗೆ ಮೊದಲು ಒಂದು ಸಲಕ್ಕೆ 10 ಗುಂಡು ತುಂಬುತ್ತಿತ್ತು. 2022ರ ನವೆಂಬರ್‌ನಲ್ಲಿ ಅದನ್ನು 5ಕ್ಕೆ ಇಳಿಸಿದರು. ಹೊಡೆತ ಅಷ್ಟೇ ಉಳಿಯಿತು, ಆದರೆ ಗುಂಡು ಬೇಗ ಖಾಲಿಯಾಗುವುದರಿಂದ ಬೇಕಾಬಿಟ್ಟಿ ಹಾರಿಸಲು ಆಗದಂತಾಯ್ತು.

ಪೋಷಕರಿಗೆ ಇದರಲ್ಲಿ ತಿಳಿದಿರಬೇಕಾದ ಒಂದೇ ವಿಷಯ ಇದೆ. ಆಟದೊಳಗೆ ದುಡ್ಡು ಕೊಟ್ಟು ಕೊಂಡ ವಸ್ತು ಅಂಗಡಿಯಿಂದ ತಂದ ಸೈಕಲ್ ತರಹ ಅಲ್ಲ. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಕೆಲವು ಬಂದೂಕಿನ ಸ್ಕಿನ್‌ಗಳು ಬಣ್ಣದ ಜೊತೆ ಸ್ವಲ್ಪ ಬಲವನ್ನೂ ಕೊಡುತ್ತವೆ. ಮಗ ಹಟ ಮಾಡಿ ಅದನ್ನು ಕೊಂಡ ಅಂತಿಟ್ಟುಕೊಳ್ಳಿ. ಮುಂದಿನ ಅಪ್‌ಡೇಟ್‌ನಲ್ಲಿ ಆ ಬಂದೂಕನ್ನೇ ನರ್ಫ್ ಮಾಡಿದರೆ ಕೊಂಡದ್ದರ ಬೆಲೆ ಅಲ್ಲಿಗೇ ಇಳಿಯಿತು. ಇನ್ನೊಂದು ಬೇಕು ಅನ್ನುವ ಆಸೆ ಹುಟ್ಟುವುದೂ ಆಗಲೇ. 'ಅಪ್ಪಾ, ಆ ಗನ್ ನರ್ಫ್ ಆಗಿದೆ, ಇದು ಬೇಕು' ಅಂತ ಮಗ ಬಂದರೆ 'ಇದನ್ನೂ ಮುಂದಿನ ತಿಂಗಳು ನರ್ಫ್ ಮಾಡಲ್ಲ ಅಂತ ಏನು ಗ್ಯಾರಂಟಿ?' ಅಂತ ಕೇಳಿ. ಆ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರುವುದಿಲ್ಲ.

ಸ್ಮರ್ಫ್: ಹೆಸರು ಬದಲಿಸಿ ಬಂದ ಪಳಗಿದ ಕೈ

ಸ್ಮರ್ಫ್‌ಗಳು ಅಂದರೆ ನೀಲಿ ಬಣ್ಣದ, ಬಿಳಿ ಟೋಪಿಯ ಪುಟಾಣಿ ಕಾರ್ಟೂನ್ ಪಾತ್ರಗಳು. ಬೆಲ್ಜಿಯಂನ ಪೆಯೊ ಎಂಬ ಚಿತ್ರಕಾರ 1958ರಲ್ಲಿ ಸೃಷ್ಟಿಸಿದ್ದು. ಇವು ಆಟಕ್ಕೆ ಬಂದ ಕಥೆ ಸ್ವಾರಸ್ಯವಾಗಿದೆ. 1990ರ ದಶಕದ ನಡುವೆ ವಾರ್‌ಕ್ರಾಫ್ಟ್ 2 ಅನ್ನುವ ಆಟದಲ್ಲಿ ಇಬ್ಬರು ಎಷ್ಟು ಪಳಗಿದ್ದರೆಂದರೆ, ಅವರ ಹೆಸರು ಕಂಡರೆ ಸಾಕು, ಎದುರಿನವರು ಆಡದೆ ಹೊರಟುಬಿಡುತ್ತಿದ್ದರು. ಆಗ ಅವರು PapaSmurf, Smurfette ಅಂತ ಹೊಸ ಹೆಸರಿನಲ್ಲಿ ಬಂದರು. ಹೊಸಬರು ಅಂದುಕೊಂಡು ಆಡಲು ಕೂತವರೆಲ್ಲ ಸೋತು ಎದ್ದರು. ಅಂದಿನಿಂದ ದೊಡ್ಡ ಆಟಗಾರ ಸಣ್ಣ ಹೆಸರಿನಲ್ಲಿ ಬಂದರೆ ಅವನಿಗೆ ಸ್ಮರ್ಫ್ ಅಂತ ಹೆಸರು.

ನಮ್ಮ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಇದನ್ನು ಎಲ್ಲರೂ ನೋಡಿದ್ದಾರೆ. 'ಪಂಚಾಯ್ತಿ ವ್ಯಾಪ್ತಿಯ ಆಟಗಾರರಿಗೆ ಮಾತ್ರ' ಅಂತ ಕರಪತ್ರದಲ್ಲಿ ಇರುತ್ತದೆ. ಪಂದ್ಯದ ದಿನ ನೋಡಿದರೆ ಒಂದು ತಂಡದಲ್ಲಿ ದೂರದ ಊರಿನ ಪಳಗಿದ ಆಲ್‌ರೌಂಡರ್ ಇನ್ನೊಬ್ಬನ ಹೆಸರಿನಲ್ಲಿ ಪ್ಯಾಡ್ ಕಟ್ಟಿ ನಿಂತಿರುತ್ತಾನೆ. ಆಮೇಲೆ ಆಗುವ ಗಲಾಟೆಯೂ ಗೊತ್ತಿರುವುದೇ. ಸ್ಮರ್ಫ್ ಅಂದರೆ ಅವನೇ.

ಇದು ಯಾಕೆ ಮೋಸ ಅನ್ನಿಸುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಆನ್‌ಲೈನ್ ಆಟಗಳು ಗೆಲುವು ಸೋಲು ನೋಡಿ ಪ್ರತಿಯೊಬ್ಬನಿಗೂ ಒಂದು ಮಟ್ಟ ಕೊಡುತ್ತವೆ. ಬಿಜಿಎಂಐನಲ್ಲಿ ಬ್ರಾಂಜ್‌ನಿಂದ ಶುರುವಾಗಿ ಕಾಂಕರರ್‌ವರೆಗೆ ಮೆಟ್ಟಿಲುಗಳಿವೆ. ಆದಷ್ಟು ಸಮಾನ ಮಟ್ಟದವರನ್ನೇ ಒಂದೇ ಪಂದ್ಯಕ್ಕೆ ಹಾಕುವುದು ಆಟದ ಉದ್ದೇಶ. ಇಂಥ ಲೆಕ್ಕದ ಹಳೆಯ ಮಾದರಿ ಚೆಸ್‌ನ ಎಲೊ ರೇಟಿಂಗ್. ಇಬ್ಬರ ರೇಟಿಂಗ್ ಒಂದೇ ಇದ್ದರೆ ಗೆಲ್ಲುವ ಅವಕಾಶ ಅರ್ಧ ಅರ್ಧ. ಒಬ್ಬನದು 400 ಅಂಕ ಹೆಚ್ಚಿದ್ದರೆ, ಆ ಲೆಕ್ಕದ ಪ್ರಕಾರ 11 ಆಟದಲ್ಲಿ ಸುಮಾರು 10 ಅವನ ಪಾಲು. ಈಗ ಆ ಬಲಶಾಲಿ ತನ್ನ 400 ಅಂಕ ಮುಚ್ಚಿಟ್ಟು ಹೊಸ ಹೆಸರಿನಲ್ಲಿ ಬಂದ ಅಂತಿಟ್ಟುಕೊಳ್ಳಿ. ಎದುರಿನ ಹುಡುಗ ಅರ್ಧ ಅರ್ಧ ಅವಕಾಶ ಇದೆ ಅಂದುಕೊಂಡು ಆಡುತ್ತಾನೆ. ನಿಜವಾಗಿ ಅವನಿಗೆ ಇರುವುದು ಹನ್ನೊಂದರಲ್ಲಿ ಒಂದು. ಸೋತ ಮೇಲೆ ತಾನೇ ದಡ್ಡ ಅಂದುಕೊಳ್ಳುತ್ತಾನೆ, ಫೋನ್ ಎಸೆಯುತ್ತಾನೆ, ಊಟಕ್ಕೆ ಕರೆದರೆ ರೇಗುತ್ತಾನೆ.

ಆಟದ ಕಂಪನಿಗಳೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಡೋಟಾ 2 ಆಟ ನಡೆಸುವ ವಾಲ್ವ್ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ 90,000 ಸ್ಮರ್ಫ್ ಖಾತೆಗಳನ್ನು ಒಟ್ಟಿಗೆ ಮುಚ್ಚಿತು. ಆ ಖಾತೆಗಳ ಹಿಂದಿರುವ ಅಸಲಿ ಖಾತೆ ಯಾವುದು ಅಂತಲೂ ಪತ್ತೆ ಹಚ್ಚಿತ್ತು.

ಎಲ್ಲ ಎರಡನೇ ಖಾತೆಯೂ ಮೋಸಕ್ಕೇ ಅಂತಲ್ಲ. ಈಗಷ್ಟೇ ಆಟ ಕಲಿಯುತ್ತಿರುವ ತಮ್ಮನ ಜೊತೆ ಆಡಲು ಅಣ್ಣ ಹೊಸ ಖಾತೆ ತೆರೆಯುವುದುಂಟು. ಹಾಗೆ ಪುಕ್ಕಟೆ ತೆರೆದ ಖಾತೆಯಿಂದ ಮನೆಗೆ ನಷ್ಟ ಏನಿಲ್ಲ. ತೊಂದರೆ ಶುರುವಾಗುವುದು ಆ ಖಾತೆಯನ್ನು ತೆರೆಯುವ ಬದಲು ಕೊಳ್ಳಲು ಹೊರಟಾಗ.

'ಐಡಿ ಬೇಕು, ಪ್ರೈಸ್ ಎಷ್ಟು?'

ಈಗ ಐದನೇ ಸಾಲಿಗೆ ಬರೋಣ. ಇಲ್ಲಿ ಐಡಿ ಅಂದರೆ ಆಟದ ಖಾತೆ. ತಾನೇ ಆಡಿ ಮೇಲೆ ಬರಲು ತಿಂಗಳುಗಟ್ಟಲೆ ಬೇಕು. ಮೇಲಿನ ಮಟ್ಟ, ಒಳ್ಳೆ ಸ್ಕಿನ್ ಎಲ್ಲ ಇರುವ ತಯಾರು ಖಾತೆ ಸಿಕ್ಕರೆ ಯಾರಿಗೆ ಬೇಡ? ಗೆಳೆಯರಿಗೆ ಗೊತ್ತಾಗದ ಹಾಗೆ ಆಡಲು ಕೆಳಮಟ್ಟದ ಸ್ಮರ್ಫ್ ಖಾತೆ ಹುಡುಕುವವರೂ ಇದ್ದಾರೆ. ಟೆಲಿಗ್ರಾಂ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಇಂಥ ಖಾತೆಗಳ ವ್ಯಾಪಾರ ನಡೆಯುತ್ತದೆ. ಈ ಆಟಗಳ ನಿಯಮದ ಪ್ರಕಾರ ಖಾತೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ವ್ಯವಹಾರ ಹೇಗೆ ಕೈಕೊಡುತ್ತದೆ ನೋಡಿ. 2,500 ರೂಪಾಯಿಗೆ ಒಂದು ಐಡಿ ಇದೆ ಅಂತ ಮಾರುವವನು ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಹುಡುಗ ಅಂಗಡಿಯ ಗಲ್ಲಾದ ಮೇಲಿದ್ದ ಅಪ್ಪನ ಫೋನಿನಿಂದ ಯುಪಿಐ ಮಾಡುತ್ತಾನೆ. ಪಿನ್ ಅವನಿಗೆ ಗೊತ್ತು, ಗಿರಾಕಿಗಳು ಇದ್ದಾಗ ಅಪ್ಪನೇ ಹೇಳಿಕೊಟ್ಟದ್ದು. ಮಾರುವವನು ಲಾಗಿನ್ ಕೊಡುತ್ತಾನೆ, ಖಾತೆ ತೆರೆಯುತ್ತದೆ, ಹುಡುಗ ಖುಷಿ. ಮೂರ್ನಾಲ್ಕು ದಿನ ಕಳೆದ ಮೇಲೆ ಲಾಗಿನ್ ಆಗುವುದಿಲ್ಲ. ಯಾಕಂದರೆ ಖಾತೆ ಮೊದಲು ತೆರೆದಾಗ ಕೊಟ್ಟ ಇಮೇಲ್, ಹಿಂದೆ ದುಡ್ಡು ಕಟ್ಟಿದ ರಸೀದಿ ಎಲ್ಲ ಮಾರಿದವನ ಹತ್ತಿರವೇ ಇದೆ. 'ನನ್ನ ಖಾತೆ ಕಳವಾಗಿದೆ' ಅಂತ ಅದನ್ನು ತೋರಿಸಿ ಅವನು ವಾಪಸ್ ಪಡೆದಿರುತ್ತಾನೆ. ಕೊಂಡವನು ಕಂಪನಿಗೆ ದೂರು ಕೊಟ್ಟರೆ ಪ್ರಯೋಜನ ಇಲ್ಲ, ಕೊಂಡದ್ದೇ ನಿಯಮಕ್ಕೆ ವಿರುದ್ಧ. ಅದೇ ಐಡಿ ಮರುದಿನ ಇನ್ನೊಬ್ಬನಿಗೆ ಮಾರಾಟಕ್ಕೆ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ಮಾರಲು ಹೋದಾಗ ಆಗುತ್ತದೆ. ಮಗನ ಆಟದ ಖಾತೆ ಬಹಳ ಮನೆಗಳಲ್ಲಿ ಅಪ್ಪನ ಅಥವಾ ಅಮ್ಮನ ಗೂಗಲ್ ಖಾತೆಗೆ ಜೋಡಿಸಿರುತ್ತದೆ. ಕೊಳ್ಳುವವನ ವೇಷದಲ್ಲಿ ಬಂದವನು 'ಚೆಕ್ ಮಾಡ್ಬೇಕು, ಪಾಸ್‌ವರ್ಡ್ ಕೊಡು, ಈಗ ಒಂದು ಒಟಿಪಿ ಬರುತ್ತೆ, ಹೇಳು' ಅನ್ನುತ್ತಾನೆ. ಹುಡುಗ ಆಟದ ಐಡಿ ಕೊಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ನಿಜವಾಗಿ ಕೊಟ್ಟಿದ್ದು ಮನೆಯ ಇಮೇಲ್, ಫೋಟೊ, ಗಿರಾಕಿಗಳ ಫೋನ್ ನಂಬರ್, ಪ್ಲೇ ಸ್ಟೋರ್‌ನಲ್ಲಿ ಉಳಿಸಿಟ್ಟ ಕಾರ್ಡ್. 'ರ‍್ಯಾಂಕ್ ಪುಶ್ ಮಾಡಿ ಕೊಡ್ತೀನಿ, ಎರಡು ದಿನ ಐಡಿ ಕೊಡು' ಅನ್ನುವವರಿಗೂ ಇದೇ ಮಾತು ಅನ್ವಯ.

ಇನ್ನೊಂದು ಸೂಕ್ಷ್ಮ ಇದೆ. ಬಿಜಿಎಂಐ 2021ರಲ್ಲಿ ಬಿಡುಗಡೆಯಾದಾಗಲೇ 18 ವರ್ಷ ತುಂಬದವರಿಗೆ ಪೋಷಕರ ಫೋನ್ ನಂಬರ್ ಕಡ್ಡಾಯ, ದಿನಕ್ಕೆ 3 ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚು ಅನ್ನುವ ಮಿತಿಗಳನ್ನು ಇಟ್ಟಿತ್ತು. ಬೇರೆ ಯಾರದೋ ದೊಡ್ಡವರ ವಯಸ್ಸು ನಮೂದಿಸಿದ ಐಡಿ ಕೊಂಡರೆ ಮಕ್ಕಳಿಗೆ ಹಾಕಿದ ಕಡಿವಾಣ ಅಲ್ಲಿಗೆ ತಪ್ಪಿತು. ಹುಡುಗರು ಬೇರೆ ಐಡಿ ಹುಡುಕಲು ಇದೂ ಒಂದು ಕಾರಣ ಆಗಬಹುದು.

ಗುರುತಿಸುವುದು ಹೇಗೆ, ಆಗಿಹೋದರೆ ಏನು ಮಾಡುವುದು

ಚಾಟ್‌ನಲ್ಲಿ id sell, price, dm, login, otp ಅನ್ನುವ ಪದಗಳು ಕಂಡರೆ ಮಾತು ಆಟ ಬಿಟ್ಟು ವ್ಯಾಪಾರಕ್ಕೆ ಬಂದಿದೆ ಅಂತ ಅರ್ಥ. dm ಅಂದರೆ ಎಲ್ಲರೆದುರು ಬೇಡ, ನನಗೆ ಒಬ್ಬನಿಗೇ ಮೆಸೇಜ್ ಹಾಕು ಅಂತ. ಆಟದಲ್ಲಿ ಪರಿಚಯವಾದ ಅಪರಿಚಿತ 'ಟೆಲಿಗ್ರಾಂಗೆ ಬಾ' ಅಂದರೆ ಅದೇ ಎಚ್ಚರಿಕೆಯ ಗಂಟೆ. ಮಗನ ಫೋನಿನಲ್ಲಿ ಮೊದಲಿನ ಹೆಸರಿನ ಬದಲು ಬೇರೆ ಹೆಸರು, ಇದ್ದಕ್ಕಿದ್ದಂತೆ ದೊಡ್ಡ ಮಟ್ಟ, ದುಬಾರಿ ಸ್ಕಿನ್‌ಗಳು ಕಂಡರೂ ವಿಚಾರಿಸಬೇಕು.

ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅಥವಾ cybercrime.gov.in ನಲ್ಲಿ ದೂರು ದಾಖಲಿಸಿ. ಬ್ಯಾಂಕಿಗೂ ತಿಳಿಸಿ. ಯುಪಿಐ ವ್ಯವಹಾರದ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ. ನಾಚಿಕೆಯಿಂದ ಹುಡುಗ ಚಾಟ್ ಅಳಿಸಿಬಿಡುವ ಮೊದಲೇ ತೆಗೆದುಕೊಳ್ಳುವುದು ಒಳ್ಳೆಯದು. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡು ಮುಂದಕ್ಕೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು.

ಪಾಸ್‌ವರ್ಡ್ ಹೋಗಿದ್ದರೆ ಮೊದಲು ಗೂಗಲ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ Your devices ಅನ್ನುವ ಜಾಗ ನೋಡಿ. ನಿಮ್ಮದಲ್ಲದ ಫೋನ್ ಅಲ್ಲಿ ಕಂಡರೆ ಅದನ್ನು ಒತ್ತಿ ಸೈನ್ ಔಟ್ ಮಾಡಿ. ಪಾಸ್‌ವರ್ಡ್ ಬದಲಿಸಿ ಇದನ್ನು ನೋಡದೆ ಬಿಟ್ಟರೆ ಕೆಲಸ ಅರ್ಧ ಆದ ಹಾಗೆ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಇಡಬಹುದು, ಅದನ್ನು ಇವತ್ತೇ ಮಾಡಿಡಿ. ಗಲ್ಲಾದ ಫೋನಿನ ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಅದನ್ನೂ ಬದಲಿಸಿ. ಅಂಗಡಿಯ ವಸೂಲಿಗೆ ಪಿನ್ ಬೇಕಾಗಿಲ್ಲ, ದುಡ್ಡು ಕಳಿಸಲು ಮಾತ್ರ ಅದು ಬೇಕು.

ಫೋನ್ ಕಸಿದುಕೊಂಡು 'ಏನೋ ಇದು ಜಿಜಿ ಗಿಜಿ' ಅಂತ ಬೈದರೆ ಹುಡುಗ ಮುಂದಿನ ಸಲ ಚಾಟ್ ಅಳಿಸಿ ಕೊಡುತ್ತಾನೆ, ಅಷ್ಟೇ. ಅದರ ಬದಲು ಪದದಿಂದಲೇ ಮಾತು ಶುರು ಮಾಡಬಹುದು. 'ಇವತ್ತು ಯಾವ ಗನ್ ನರ್ಫ್ ಆಯ್ತಪ್ಪಾ?' ಅಂದರೆ ಅವನು ಕಣ್ಣರಳಿಸಿ ಹತ್ತು ನಿಮಿಷ ಹೇಳುತ್ತಾನೆ. 'ಸ್ಮರ್ಫ್ ಸಿಕ್ಕಿದ್ನಾ?' ಅಂದರೆ ಸಿಟ್ಟು ಯಾಕೆ ಬಂದಿತ್ತು ಅಂತ ಹೊರಗೆ ಬರುತ್ತದೆ. ಮಾತು ಅಲ್ಲಿಗೆ ಬಂದ ಮೇಲೆ ಕೇಳಬೇಕಾದ ನಿಜವಾದ ಪ್ರಶ್ನೆ ಕೇಳಿ: 'ನೀನು ಆಡ್ತಿರೋ ಐಡಿ ನೀನೇ ತೆರೆದಿದ್ದಾ? ಯಾವ ಇಮೇಲ್‌ಗೆ ಜೋಡಿಸಿದ್ದೀಯಾ?' ಈ ಎರಡಕ್ಕೆ ನೇರ ಉತ್ತರ ಬಂದರೆ ನಿಶ್ಚಿಂತೆಯಿಂದ ಮಲಗಿ. ಮಗ ತಡವರಿಸಿದರೆ ಆ ರಾತ್ರಿಯೇ Your devices ತೆಗೆದು ನೋಡಿ.